1966ರ ಫಿಯೆಟ್‌ಗೆ ನಾಲ್ಕೂವರೆ ಲಕ್ಷದ ವಿಮೆ: ಮೌಲ್ಯವನ್ನು ಒಪ್ಪಿಸಿದ ಬಗೆ

ನಮ್ಮ ತಂದೆಯವರು 1966ರಲ್ಲಿ ಕೊಂಡ ಫಿಯೆಟ್ 1100ಡಿ ಕಾರಿಗೆ ನಾಲ್ಕೂವರೆ ಲಕ್ಷ ರೂಪಾಯಿ ಮೌಲ್ಯವನ್ನು ನಮೂದಿಸಿದ ವಿಮೆ ಪಾಲಿಸಿ ಹೋದ ತಿಂಗಳು ನನ್ನ ಕೈಸೇರಿತು. ಇದೇ ಕಾರಿಗೆ ಕಂಪನಿಯ ಕಂಪ್ಯೂಟರ್ ಮೊದಲು ತೋರಿಸಿದ್ದ ಮೌಲ್ಯ ನಲವತ್ತು ಸಾವಿರ. ಈ ಎರಡು ಅಂಕಿಗಳ ನಡುವಿನ ದಾರಿಯನ್ನು ದಾಟಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಮೈಸೂರು, ಮಂಡ್ಯ ಕಡೆಗಳಲ್ಲಿ ಮನೆಯ ಹಳೆಯ ಕಾರನ್ನು ಶೆಡ್ಡಿನಿಂದ ಹೊರತೆಗೆದು ಸರಿಮಾಡಿಸುತ್ತಿರುವ ಹಲವರು ನನಗೆ ಪರಿಚಿತರು. ಅವರೆಲ್ಲರೂ ಬಣ್ಣ, ಕ್ರೋಮಿಯಂ, ಸೀಟಿನ ಬಟ್ಟೆಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆಯೇ ಹೊರತು, ವಿಮೆಯ ವಿಷಯ ಬಂದಾಗ "ಥರ್ಡ್ ಪಾರ್ಟಿ ಮಾಡಿಸಿದ್ರೆ ಸಾಕು" ಎಂದು ಮಾತು ಮುಗಿಸುತ್ತಾರೆ. ಆರು ಲಕ್ಷ ಖರ್ಚು ಮಾಡಿದ ಮೇಲೆ ಅದು ಸಾಕಾಗುವುದಿಲ್ಲ ಎನಿಸಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾರು ಮಂಡ್ಯದ ಹಳೆಯ ಮನೆಯ ಶೆಡ್ಡಿನಲ್ಲಿ ಬಹುಕಾಲ ನಿಂತಿತ್ತು. ತಂದೆಯವರು ತೀರಿಕೊಂಡ ನಂತರ ಅದನ್ನು ನನ್ನ ಹೆಸರಿಗೆ ಮಾಡಿಸಿಕೊಂಡು, ಮೈಸೂರಿನ ಮಂಡಿ ಮೊಹಲ್ಲಾದ ಒಬ್ಬ ಮೇಸ್ತ್ರಿಯ ಗ್ಯಾರೇಜಿಗೆ ಲಾರಿಯಲ್ಲಿ ಸಾಗಿಸಿದೆ. ತಗಡಿನ ಕೆಲಸಕ್ಕೆ 1,60,000, ಬಣ್ಣಕ್ಕೆ 1,10,000, ಎಂಜಿನ್ ಬಿಚ್ಚಿ ಕಟ್ಟಿದ್ದಕ್ಕೆ 95,000, ಸೀಟು ಮತ್ತು ಮೇಲ್ಛಾವಣಿಯ ಬಟ್ಟೆಗೆ 60,000, ಬಂಪರು, ಹಿಡಿಕೆಗಳ ಕ್ರೋಮಿಯಂ ಲೇಪನಕ್ಕೆ 45,000, ವೈರಿಂಗ್, ಬ್ರೇಕು, ಟೈರುಗಳಿಗೆ 80,000, ಊರೂರು ಹುಡುಕಿ ತಂದ ಬಿಡಿಭಾಗಗಳಿಗೆ 70,000 ಸೇರಿ ಒಟ್ಟು 6,20,000 ರೂಪಾಯಿ ಆಯಿತು. ಈ ಅಂಕಿಗಳನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ: ವಿಮೆಯ ಮಾತುಕತೆಯಲ್ಲಿ ಪ್ರತಿಯೊಂದು ಬಾಬ್ತನ್ನೂ ಒಬ್ಬರಲ್ಲ ಒಬ್ಬರು ಪ್ರಶ್ನಿಸಿದರು.

ಮೊದಲ ಎಡವಟ್ಟು ಆರ್‌ಸಿಯದು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಅದನ್ನೇ ನಾವೆಲ್ಲ ಎಫ್‌ಸಿ ಮಾಡಿಸುವುದು ಎನ್ನುತ್ತೇವೆ. ನಮ್ಮ ಕಾರಿನ ಎಫ್‌ಸಿ ಅವಧಿ ಎಂದೋ ಮುಗಿದಿತ್ತು. ಚಾಲ್ತಿಯ ವಿಮೆಯಿಲ್ಲದೆ ಆರ್‌ಟಿಓ ಕಚೇರಿಯಲ್ಲಿ ನವೀಕರಣದ ಅರ್ಜಿ ಮುಂದೆ ಹೋಗುವುದಿಲ್ಲ, ಚಾಲ್ತಿಯ ಆರ್‌ಸಿ ಇಲ್ಲದೆ ಪೂರ್ಣ ವಿಮೆ ಕೊಡಲು ವಿಮೆ ಕಂಪನಿ ಸಿದ್ಧವಿಲ್ಲ. ಇದಕ್ಕೆ ಹೊಳೆದ ದಾರಿಯೆಂದರೆ ಎರಡು ಹಂತದಲ್ಲಿ ವಿಮೆ ಮಾಡಿಸುವುದು. ಮೊದಲು ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ಪಾಲಿಸಿಯೊಂದನ್ನೇ ತೆಗೆದುಕೊಂಡು, ಅದರ ಆಧಾರದ ಮೇಲೆ ಎಫ್‌ಸಿ ಮಾಡಿಸಿ, ಆ ನಂತರ ಸ್ವಂತ ವಾಹನದ ಹಾನಿಗೆ ಪ್ರತ್ಯೇಕ ಪಾಲಿಸಿಯನ್ನು ಕೇಳಿದೆ. 2019ರ ಸೆಪ್ಟೆಂಬರಿನಿಂದ ಸ್ವಂತ ಹಾನಿಯ ವಿಮೆಯನ್ನು ಹೀಗೆ ಬಿಡಿಯಾಗಿ ಮಾರಲು ಅವಕಾಶವಿದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಕೊಳ್ಳಬೇಕೆಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಹಿಂದಿರುಗಬೇಕಾಗಿಲ್ಲ.

ಎಫ್‌ಸಿಗೆ ಹೋದಾಗ ಎರಡನೆಯ ತೊಡಕು ಎದುರಾಯಿತು. 1980ರ ದಶಕದಲ್ಲಿ ತಂದೆಯವರು ಅದೇ ಮಾದರಿಯ ಬೇರೊಂದು ಎಂಜಿನ್ ಕೂರಿಸಿದ್ದರು, ಅದನ್ನು ಆರ್‌ಟಿಓ ಕಚೇರಿಯಲ್ಲಿ ಬರೆಯಿಸಿಯೂ ಇದ್ದರು. ಹಳೆಯ ಆರ್‌ಸಿ ಪುಸ್ತಕದ ಕೊನೆಯ ಪುಟದಲ್ಲಿ ಶಾಯಿಯಲ್ಲಿ ಬರೆದ ಎಂಜಿನ್ ಸಂಖ್ಯೆಯೂ ಅದರ ಕೆಳಗೆ ಮೊಹರೂ ಇದ್ದವು. ಆದರೆ ಕೈಬರಹದ ಕಡತಗಳನ್ನು ವಾಹನ್ ತಂತ್ರಾಂಶಕ್ಕೆ ಏರಿಸುವಾಗ ಮೊದಲ ಪುಟದ ವಿವರಗಳಷ್ಟೇ ಹೋಗಿದ್ದವು. ಪರಿಣಾಮವಾಗಿ ಕಂಪ್ಯೂಟರಿನಲ್ಲಿ ಒಂದು ಎಂಜಿನ್ ಸಂಖ್ಯೆ, ಕಾರಿನಲ್ಲಿ ಇನ್ನೊಂದು. ಪುಸ್ತಕದ ಆ ಪುಟದ ಪ್ರತಿ, ಪ್ರಮಾಣಪತ್ರ ಹಾಗೂ ಎಂಜಿನ್ ಸಂಖ್ಯೆಯ ಮೇಲೆ ಕಾಗದವಿಟ್ಟು ಉಜ್ಜಿ ತೆಗೆದ ಪೆನ್ಸಿಲ್ ಪ್ರಿಂಟ್ ಕೊಟ್ಟು ತಿದ್ದುಪಡಿ ಕೋರಿದೆ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದನ್ನು ಕಾಯುತ್ತ ಕುಳಿತ ವಾರಗಳು ಈ ಇಡೀ ಪ್ರಸಂಗದಲ್ಲಿ ಅತ್ಯಂತ ಬೇಸರದವು. ಆದರೂ ಅದು ಅಲ್ಲಿಯೇ ಸಿಕ್ಕಿಬಿದ್ದದ್ದು ಒಳ್ಳೆಯದಾಯಿತು. ಕ್ಲೇಮು ಹಾಕಿದ ಮೇಲೆ ಹಾನಿಯನ್ನು ಅಂದಾಜು ಮಾಡಲು ಬರುವ ಸರ್ವೇಯರ್ ಕಣ್ಣಿಗೆ ಇದೇ ವ್ಯತ್ಯಾಸ ಬಿದ್ದಿದ್ದರೆ, ವಿಮೆ ಮಾಡಿದ ವಾಹನವೇ ಇದು ಎಂದು ನಾನು ಸಾಬೀತುಪಡಿಸಬೇಕಾಗುತ್ತಿತ್ತು. ಹಳೆಯ ಆರ್‌ಸಿ ಪುಸ್ತಕವನ್ನು ಸ್ಮಾರ್ಟ್ ಕಾರ್ಡ್ ಬಂದ ಮೇಲೆ ಎಸೆದವರಿದ್ದಾರೆ, ದಯವಿಟ್ಟು ಎಸೆಯಬೇಡಿ. ಬಣ್ಣದ ವಿಷಯವೂ ಇದೇ ರೀತಿಯದು. ಆರ್‌ಸಿಯಲ್ಲಿರುವ ಬಣ್ಣವನ್ನೇ ಹೊಡೆಸಿದರೆ ಒಂದು ಅರ್ಜಿ ಉಳಿಯುತ್ತದೆ.

ಇಷ್ಟಾದ ಮೇಲೆ ವಿಮೆ ಕಂಪನಿಯ ಶಾಖೆಗೆ ಹೋದೆ. ಆನ್‌ಲೈನ್ ತಾಣಗಳಲ್ಲಿ ಪ್ರಯತ್ನಿಸಿ ಕೈಬಿಟ್ಟಿದ್ದೆ, ಏಕೆಂದರೆ ತಯಾರಿಕೆಯ ವರ್ಷವನ್ನು ಆರಿಸುವ ಪಟ್ಟಿ 1966ರವರೆಗೆ ಇಳಿಯುತ್ತಲೇ ಇರಲಿಲ್ಲ. ಶಾಖೆಯಲ್ಲಿ ನನ್ನ ಪರವಾಗಿ ಓಡಾಡಿದ ಏಜೆಂಟರು ಉತ್ಸಾಹಿ ಯುವಕ, "ಅಂಕಲ್, ಇದು ವಿಂಟೇಜ್ ಗಾಡಿ, ಅಗ್ರೀಡ್ ವ್ಯಾಲ್ಯೂ ಪಾಲಿಸಿನೇ ಸಿಗತ್ತೆ, ಮೇಲೆ ಡಿಸ್ಕೌಂಟೂ ಇದೆ" ಎಂದು ಹೇಳಿ ಅರ್ಜಿಯಲ್ಲಿ ಹಾಗೆಯೇ ತುಂಬಿದರು. ಅರ್ಜಿ ವಿಭಾಗೀಯ ಕಚೇರಿಯಿಂದ ಒಂದೇ ಸಾಲಿನ ಷರಾದೊಂದಿಗೆ ಹಿಂದೆ ಬಂತು: ವಾಹನ 31-12-1940ಕ್ಕಿಂತ ಮೊದಲು ತಯಾರಾದದ್ದಲ್ಲ.

ಈ ಸಾಲಿನ ಹಿಂದಿರುವ ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ನಮ್ಮ ದೇಶದಲ್ಲಿ ಹಳೆಯ ಕಾರಿಗೆ ಎರಡು ಬೇರೆ ಬೇರೆ ಗೆರೆಗಳಿವೆ. ವಿಮೆಯ ಲೋಕದಲ್ಲಿ ಇಂದಿಗೂ ಆಧಾರವಾಗಿರುವುದು 2002ರ ಮೋಟಾರ್ ಟ್ಯಾರಿಫ್. ಪ್ರೀಮಿಯಂ ದರಗಳ ಮೇಲಿನ ಅದರ ಹಿಡಿತ 2007ರಲ್ಲಿ ಸಡಿಲವಾಯಿತಾದರೂ ಪಾಲಿಸಿಯ ಷರತ್ತುಗಳ ಭಾಷೆ ಬಹುಪಾಲು ಅಲ್ಲಿಯದೇ. ಅದರ ಪ್ರಕಾರ 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದಿಂದ ದೃಢೀಕರಣ ಪಡೆದದ್ದು ಮಾತ್ರ ವಿಂಟೇಜ್ ಕಾರು. ಒಪ್ಪಿತ ಮೌಲ್ಯದ ಪಾಲಿಸಿಯನ್ನು, ಅಂದರೆ ಮೊದಲೇ ಇಂತಿಷ್ಟು ಎಂದು ನಿಗದಿಪಡಿಸಿ ಪೂರ್ಣ ನಷ್ಟವಾದರೆ ಸವಕಳಿ ಕಳೆಯದೆ ಅಷ್ಟನ್ನೂ ಕೊಡುವ ಪಾಲಿಸಿಯನ್ನು, ಆ ಟ್ಯಾರಿಫ್ ಅನುಮತಿಸಿದ್ದು ಇಂಥ ಕಾರುಗಳಿಗೆ ಮಾತ್ರ. ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇಕಡಾ 25ರ ರಿಯಾಯಿತಿ ಇದ್ದದ್ದೂ ಅವಕ್ಕೇ. ಇನ್ನೊಂದು ಗೆರೆ ಸಾರಿಗೆ ಇಲಾಖೆಯದು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲಿಯೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳೆಲ್ಲ ವಿಂಟೇಜ್ ಆಗಿ ನೋಂದಣಿಯಾಗಬಲ್ಲವು. ನನ್ನ ಫಿಯೆಟ್ ಎರಡನೆಯ ಗೆರೆಯೊಳಗೆ ಇದೆ, ಮೊದಲನೆಯದರ ಹೊರಗಿದೆ. ನಮ್ಮ ಕಡೆಯ ಆ ಕಾಲದ ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳೆಲ್ಲದರ ಸ್ಥಿತಿಯೂ ಇದೇ.

ಹಾಗಾದರೆ ಈ ನಡುವಿನ ಕಾರುಗಳಿಗೆ ಏನು ಗತಿ? ಉತ್ತರ ಅದೇ ಟ್ಯಾರಿಫಿನ ಇನ್ನೊಂದು ಕಡೆಯಲ್ಲಿದೆ, ಪಾಲಿಸಿಯ ಒಳಪುಟದಲ್ಲೂ ಅಚ್ಚಾಗಿರುತ್ತದೆ. ಹೊಸ ಕಾರಿನ ಐಡಿವಿಯನ್ನು, ಅಂದರೆ ವಿಮೆಗೆ ಘೋಷಿಸುವ ಮೌಲ್ಯವನ್ನು, ಶೋರೂಮ್ ಬೆಲೆಯಿಂದ ವಯಸ್ಸಿಗೆ ತಕ್ಕ ಸವಕಳಿ ಕಳೆದು ಲೆಕ್ಕ ಹಾಕುತ್ತಾರೆ. ಆ ಕೋಷ್ಟಕ ಐದನೆಯ ವರ್ಷಕ್ಕೆ ಶೇಕಡಾ 50ರಲ್ಲಿ ನಿಲ್ಲುತ್ತದೆ. ಐದು ವರ್ಷ ದಾಟಿದ ವಾಹನಕ್ಕೂ, ತಯಾರಿಕೆ ನಿಂತುಹೋದ ಮಾದರಿಗೂ ಐಡಿವಿಯನ್ನು ವಿಮೆದಾರ ಮತ್ತು ಗ್ರಾಹಕ ಪರಸ್ಪರ ಮಾತಾಡಿಕೊಂಡು ನಿರ್ಧರಿಸಬೇಕು. ಹಾಗೆ ನಿರ್ಧಾರವಾದ ಐಡಿವಿಯನ್ನು ಪೂರ್ಣ ನಷ್ಟದ ಕ್ಲೇಮಿಗೆ ಪಾಲಿಸಿಯ ಅವಧಿಯುದ್ದಕ್ಕೂ ಮಾರುಕಟ್ಟೆ ಮೌಲ್ಯವೆಂದೇ ಪರಿಗಣಿಸಬೇಕು, ಮತ್ತೆ ಸವಕಳಿ ಕಳೆಯುವಂತಿಲ್ಲ. ಪಾಲಿಸಿಯ ಮೇಲೆ ಒಪ್ಪಿತ ಮೌಲ್ಯ ಎಂಬ ಹೆಸರು ಇರದಿದ್ದರೂ ಪೂರ್ಣ ನಷ್ಟದ ಮಟ್ಟಿಗೆ ಫಲ ಹೆಚ್ಚುಕಡಿಮೆ ಅದೇ. ಆದ್ದರಿಂದ ನಾವು ಕೇಳಬೇಕಾದದ್ದು ವಿಂಟೇಜ್ ಪಾಲಿಸಿಯನ್ನಲ್ಲ, ಮಾತುಕತೆಯಿಂದ ನಿಗದಿಯಾದ ಐಡಿವಿಯನ್ನು. ಎರಡನೆಯ ಅರ್ಜಿಯಲ್ಲಿ ನಾನು ವಿಂಟೇಜ್ ಎಂಬ ಪದವನ್ನೇ ತೆಗೆಸಿಹಾಕಿ, ತಯಾರಿಕೆ ನಿಂತುಹೋದ ಮಾದರಿ ಎಂದು ಬರೆಯಿಸಿದೆ.

ಆಗ ಬಂದದ್ದೇ ಆ ನಲವತ್ತು ಸಾವಿರದ ಅಂಕಿ. ಶಾಖೆಯ ಅಧಿಕಾರಿ ಮರ್ಯಾದಸ್ಥರು. ಮೌಲ್ಯ ಹೆಚ್ಚಿಸುವ ಅಧಿಕಾರ ತಮಗಿಲ್ಲವೆಂದೂ, ಪರವಾನಗಿ ಇರುವ ಸರ್ವೇಯರ್ ಒಬ್ಬರಿಂದ ಮೌಲ್ಯಮಾಪನ ವರದಿ ತಂದರೆ ಮೇಲಿನ ಕಚೇರಿಗೆ ಕಳಿಸುವುದಾಗಿಯೂ ಹೇಳಿದರು. ನಾನು ಆಗಲೇ ಸಣ್ಣಗೆ ಸೋತಿದ್ದೆ, ಹೇಗೂ ವರ್ಷಕ್ಕೆ ಸಾವಿರದೈನೂರು ಕಿಲೋಮೀಟರ್ ಓಡುವ ಕಾರಿಗೆ ನಲವತ್ತು ಸಾವಿರವಾದರೂ ಇರಲಿ ಎಂದುಕೊಂಡು ಸಹಿ ಮಾಡಲು ಹೊರಟಿದ್ದೆ. ಸರ್ವೇಯರ್ ಭೇಟಿಯ ದಿನ ಅವರು ನನ್ನದೇ ಬಿಲ್ಲಿನ ಹಿಂಬದಿಯಲ್ಲಿ ಹಾಕಿ ತೋರಿಸಿದ ಲೆಕ್ಕ ನನ್ನನ್ನು ತಡೆಯಿತು. ಅದನ್ನು ಪೂರ್ತಿಯಾಗಿ ಕೊಡುತ್ತೇನೆ.

ಹಿನಕಲ್ ಸರ್ಕಲ್ಲಿನಲ್ಲಿ ಯಾವುದೋ ಟೆಂಪೋ ಮುಂಭಾಗಕ್ಕೆ ತಾಗಿತು ಎಂದಿಟ್ಟುಕೊಳ್ಳಿ. ಮಡ್‌ಗಾರ್ಡ್, ಗ್ರಿಲ್, ಬಂಪರ್ ಮುಂತಾದ ಲೋಹದ ಭಾಗಗಳಿಗೆ 24,000, ರಬ್ಬರ್ ಮತ್ತು ಪ್ಲಾಸ್ಟಿಕ್ಕಿಗೆ 4,000, ಗಾಜಿಗೆ 2,000, ಬಣ್ಣದ ಒಟ್ಟು ಬಿಲ್ 12,000, ಕೂಲಿ 10,000, ಹೀಗೆ ಒಟ್ಟು 52,000 ಆಯಿತು. ಹತ್ತು ವರ್ಷ ದಾಟಿದ ವಾಹನದ ಲೋಹದ ಭಾಗಕ್ಕೆ ಶೇಕಡಾ 50 ಸವಕಳಿ ಹಿಡಿಯುತ್ತಾರೆ, ಆದ್ದರಿಂದ ಅಲ್ಲಿ ಸಿಗುವುದು 12,000. ರಬ್ಬರು, ಪ್ಲಾಸ್ಟಿಕ್ಕಿಗೂ ಅರ್ಧ, 2,000. ಗಾಜಿಗೆ ಸವಕಳಿಯಿಲ್ಲ, 2,000 ಪೂರ್ತಿ. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಎಣಿಸಿ ಅದರಲ್ಲಿ ಅರ್ಧ ಕಳೆಯುತ್ತಾರೆ, ಅಂದರೆ 12,000ದಲ್ಲಿ 1,500 ಹೋಗಿ 10,500 ಉಳಿಯುತ್ತದೆ. ಕೂಲಿ 10,000 ಪೂರ್ತಿ. ಒಟ್ಟು 36,500. ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಕಳೆದರೆ 35,500.

ಇನ್ನು ಷರತ್ತನ್ನು ನೋಡಿ. ದುರಸ್ತಿಯ ವೆಚ್ಚ ಐಡಿವಿಯ ಶೇಕಡಾ 75ನ್ನು ಮೀರಿದರೆ ವಾಹನ ಪೂರ್ಣ ನಷ್ಟವಾಯಿತೆಂದೇ ಲೆಕ್ಕ. ನಲವತ್ತು ಸಾವಿರದ ಶೇಕಡಾ 75 ಎಂದರೆ 30,000. ಸವಕಳಿ ಕಳೆದ ಮೇಲಿನ ಮೊತ್ತವೂ ಅದನ್ನು ಮೀರಿದೆ. ಆರು ಲಕ್ಷ ಸುರಿದ ಕಾರು ಒಂದು ಮಡ್‌ಗಾರ್ಡಿನ ಅಪಘಾತಕ್ಕೆ ಕಾಗದದ ಮೇಲೆ ಗುಜರಿಯಾಗುತ್ತದೆ, ಕಂಪನಿ ನಲವತ್ತು ಸಾವಿರ ಕೊಟ್ಟು ಕಾರನ್ನು ಬಿಟ್ಟುಕೊಡಿ ಎನ್ನಬಹುದು, ಅಥವಾ ಗುಜರಿಯ ಬೆಲೆಯನ್ನು ಮುರಿದುಕೊಂಡು ಉಳಿದದ್ದನ್ನು ಕೊಡಬಹುದು. ಐಡಿವಿ ನಾಲ್ಕೂವರೆ ಲಕ್ಷವಿದ್ದರೆ ಆ ಗೆರೆ 3,37,500ಕ್ಕೆ ಏರುತ್ತದೆ, ಅದೇ ಅಪಘಾತ ಸಾಮಾನ್ಯ ದುರಸ್ತಿಯ ಕ್ಲೇಮಾಗಿ ಮುಗಿಯುತ್ತದೆ. "ನೋಡಿ ಸಾರ್, ಐಡಿವಿ ಜಾಸ್ತಿ ಇಡೋದು ಕಾರು ಕಳೆದುಹೋದಾಗ ದುಡ್ಡು ಬರಲಿ ಅಂತ ಮಾತ್ರ ಅಲ್ಲ, ಸಣ್ಣ ಏಟಿಗೆ ಕಾರೇ ಕೈಬಿಟ್ಟು ಹೋಗದೆ ಇರಲಿ ಅಂತ" ಎಂದು ಅವರು ಹೇಳಿದಾಗ, ಇಷ್ಟು ದಿನ ಯಾರೂ ಇದನ್ನು ಹೇಳಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು.

ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು. ಮೌಲ್ಯ ಎಷ್ಟೇ ಎತ್ತರಕ್ಕೆ ಏರಿದರೂ ಭಾಗಶಃ ಹಾನಿಯಲ್ಲಿ ಲೋಹಕ್ಕೆ ಅರ್ಧ ಸವಕಳಿ ತಪ್ಪುವುದಿಲ್ಲ. ಮಡ್‌ಗಾರ್ಡಿನ ತಗಡು ಕಳೆದ ವರ್ಷದ್ದೇ ಆಗಿರಲಿ, ಸವಕಳಿ ಎಣಿಸುವುದು ವಾಹನದ ವಯಸ್ಸಿನಿಂದ, ದುರಸ್ತಿಯ ದಿನಾಂಕದಿಂದಲ್ಲ. ಹೊಸ ಕಾರಿನವರು ಬಂಪರ್ ಟು ಬಂಪರ್ ಎಂದು ಕರೆಯುವ, ಸವಕಳಿ ಕಳೆಯದ ಹೆಚ್ಚುವರಿ ರಕ್ಷಣೆಯನ್ನು ಈ ವಯಸ್ಸಿನ ಕಾರಿಗೆ ನಾನು ಕೇಳಿದ ಯಾವ ಕಂಪನಿಯೂ ಕೊಡಲಿಲ್ಲ. ಸಣ್ಣಪುಟ್ಟ ಏಟಿನ ವೆಚ್ಚದಲ್ಲಿ ಸುಮಾರು ಮೂರನೇ ಒಂದು ಭಾಗ ನಮ್ಮ ಜೇಬಿನಿಂದಲೇ ಹೋಗುತ್ತದೆಂದು ತಿಳಿದೇ ಪಾಲಿಸಿ ಕೊಳ್ಳಬೇಕು.

ಈಗ ಮೌಲ್ಯಮಾಪನದ ದಿನದ ವಿಷಯ. ಸರ್ವೇಯರ್ ಶುಲ್ಕ ಐದು ಸಾವಿರ. ಕಾರನ್ನು ತೊಳೆದು ಹೊಳೆಯುವಂತೆ ನಿಲ್ಲಿಸಿದ್ದೆ, ಅವರು ಹೊಳಪಿನ ಕಡೆಗೆ ನೋಡಲೇ ಇಲ್ಲ. ಜೇಬಿನಿಂದ ಬಟ್ಟೆ ಸುತ್ತಿದ ಒಂದು ಅಯಸ್ಕಾಂತವನ್ನು ತೆಗೆದು ಬಾಗಿಲುಗಳ ಕೆಳಭಾಗ, ಚಕ್ರದ ಮೇಲಿನ ಕಮಾನು, ಡಿಕ್ಕಿಯ ಅಂಚುಗಳ ಮೇಲೆ ಆಡಿಸಿದರು. ಪುಟ್ಟಿ ದಪ್ಪವಾಗಿ ಬಳಿದ ಕಡೆ ಅದು ಸಡಿಲವಾಗಿ ಜಾರುತ್ತದೆ, ತಗಡು ಇರುವಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ. ಆಮೇಲೆ ನೆಲದ ಮೇಲೆ ಗೋಣಿ ಹಾಸಿ ಕಾರಿನ ಅಡಿಗೆ ಹೋಗಿ, ಜಾಕ್ ಕೊಡುವ ಜಾಗಗಳನ್ನೂ ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಪಟ್ಟಿಗಳನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಕೇಳಿದರು. ಈ ಫಿಯೆಟ್‌ಗೆ ಪ್ರತ್ಯೇಕವಾದ ಚಾಸಿ ಚೌಕಟ್ಟು ಇಲ್ಲ, ಮೈ ಮತ್ತು ಚೌಕಟ್ಟು ಒಂದೇ. ಆದ್ದರಿಂದ ತಳದ ತಗಡು ತುಕ್ಕು ತಿಂದಿದ್ದರೆ ಅದು ಅಂದದ ದೋಷವಲ್ಲ, ಕಾರಿನ ಬಲವೇ ಹೋದಂತೆ. ತಳಕ್ಕೆ ಹೊಸ ತಗಡು ಬೆಸೆದಿದೆಯೋ ಅಥವಾ ಹಳೆಯದರ ಮೇಲೆ ತೇಪೆ ಹಾಕಿ ಕಪ್ಪು ಲೇಪ ಬಳಿದಿದೆಯೋ ಎಂಬುದನ್ನು ಕೆಲಸ ಮುಗಿದ ಮೇಲೆ ನೋಡಿ ಹೇಳುವುದು ಕಷ್ಟ.

ಅಲ್ಲಿ ನೆರವಿಗೆ ಬಂದದ್ದು ಮೇಸ್ತ್ರಿಯ ಮಗ ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಚಿತ್ರಗಳು. ಬಣ್ಣ ಕೆರೆದು ಬೆತ್ತಲಾದ ತಗಡು, ಕತ್ತರಿಸಿ ತೆಗೆದ ಕೊಳೆತ ಭಾಗ, ಅಲ್ಲಿ ಕೂರಿಸಿದ ಹೊಸ ತಗಡು, ಬೆಸುಗೆಯ ಗೆರೆ, ಪ್ರೈಮರ್ ಹೊಡೆದ ಮೇಲಿನ ಸ್ಥಿತಿ, ಎಲ್ಲವೂ ಇದ್ದವು. ಹಲವು ಚಿತ್ರಗಳಲ್ಲಿ ಎಂಜಿನ್ ಕೋಣೆಯ ಹಿಂಬದಿಯ ತಗಡೂ ಅದರ ಮೇಲಿನ ಚಾಸಿ ಸಂಖ್ಯೆಯೂ ಒಟ್ಟಿಗೆ ಕಾಣುತ್ತಿದ್ದುದರಿಂದ, ಇದು ಬೇರೆ ಕಾರಿನ ಚಿತ್ರವಲ್ಲವೆಂದು ಹೇಳುವುದು ಸಾಧ್ಯವಾಯಿತು. ನಿಮ್ಮ ಕಾರು ಈಗ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ನಿಂತಿದ್ದರೆ ಇವತ್ತೇ ಹೋಗಿ ಹೀಗೆ ಚಿತ್ರ ತೆಗೆಯಿರಿ, ತಾರೀಖು ತಿಳಿಯುವಂತೆ ಆ ದಿನದ ದಿನಪತ್ರಿಕೆಯನ್ನೂ ಪಕ್ಕಕ್ಕೆ ಇಡಬಹುದು. ಇನ್ನೊಂದು ಸಣ್ಣ ವಿಷಯ: ಆ ಸಂಖ್ಯೆ ಕೊರೆದ ಜಾಗಕ್ಕೆ ಪೇಂಟರು ಎರಡು ಪದರ ಹೆಚ್ಚಿಗೆ ಹೊಡೆದು ಅಂಕಿಗಳು ಮುಚ್ಚಿಹೋಗಿದ್ದವು. ಪೆನ್ಸಿಲ್ ಪ್ರಿಂಟ್ ಮೂಡದೆ, ತಿನ್ನರ್ ಹಚ್ಚಿ ಅಷ್ಟು ಜಾಗವನ್ನು ತೊಳೆಯಬೇಕಾಯಿತು.

ಬಿಲ್ಲುಗಳ ಪರಿಶೀಲನೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬಣ್ಣ, ಟೈರು, ಬಟ್ಟೆ ಮುಂತಾದವಕ್ಕೆ ಜಿಎಸ್‌ಟಿ ಬಿಲ್ಲುಗಳಿದ್ದವು. ತಗಡಿನ ಕೆಲಸದವರಿಗೆ ವಾರವಾರ ಕೊಟ್ಟ ಕೂಲಿಗೆ ಮೇಸ್ತ್ರಿಯ ನೋಟ್‌ಬುಕ್ ಹೊರತು ಏನೂ ಇರಲಿಲ್ಲ. ಆ ಪುಟಗಳ ಮೇಲೆ ಯಾವ ಕೆಲಸ, ಯಾವ ದಿನ, ಎಷ್ಟು ಎಂದು ಬರೆಸಿ ಕೆಲಸದವರ ಸಹಿ ಹಾಕಿಸಿದ್ದೆವು, ನನ್ನ ಬ್ಯಾಂಕ್ ಖಾತೆಯಿಂದ ಮೇಸ್ತ್ರಿಗೆ ಹೋದ ಹಣದ ಪಟ್ಟಿಯೊಂದಿಗೆ ಅದು ಹೊಂದಿಕೆಯಾದ್ದರಿಂದ ಒಪ್ಪಿದರು. ಆದರೆ ಖರ್ಚಿನ ಮೊತ್ತವೇ ಮೌಲ್ಯವಲ್ಲ ಎಂಬುದನ್ನು ಅವರು ಮೊದಲೇ ಸ್ಪಷ್ಟಪಡಿಸಿದರು. ಬಿಡಿಭಾಗ ಹುಡುಕುತ್ತ ಅಲೆದ ಖರ್ಚು, ಒಮ್ಮೆ ಹೊಡೆದ ಬಣ್ಣ ಗುಳ್ಳೆ ಎದ್ದು ಮತ್ತೆ ಹೊಡೆಸಿದ್ದು, ಇವೆರಡೂ ನನ್ನ ಖರ್ಚೇ ಹೊರತು ಕಾರಿನ ಬೆಲೆಗೆ ಸೇರುವಂಥವಲ್ಲ. ಎಂಜಿನ್ ಮೂಲದ್ದಲ್ಲ ಎಂಬುದಕ್ಕೂ ಒಂದಿಷ್ಟು ಕಡಿತವಾಯಿತು. ಗ್ರಿಲ್ಲು, ದೀಪಗಳು, ಸ್ಟಿಯರಿಂಗ್ ಕಂಬದ ಮೇಲಿನ ಗೇರ್ ಹಿಡಿಕೆ ಎಲ್ಲವೂ 1100ಡಿಯವೇ, ನಂತರದ ಪದ್ಮಿನಿಯಿಂದ ತಂದು ಹೊಂದಿಸಿದವಲ್ಲ ಎಂಬುದು ನನ್ನ ಪರವಾಗಿ ನಿಂತಿತು. ಹೊಸ ಕಾಲದ ಸ್ಟೀರಿಯೊ, ಅಲಾಯ್ ಚಕ್ರ ಹಾಕಿಸಿದ್ದರೆ ಮೌಲ್ಯ ಇಳಿಯುತ್ತಿತ್ತೆಂದು ಹೇಳಿದರು. ಇಂಥದನ್ನು ನೋಡಿ ತಿಳಿಯಬೇಕಾದವರು ಶ್ರೀರಂಗಪಟ್ಟಣದ ಬಳಿ ಹಳೆಯ ಕಾರುಗಳನ್ನಿಟ್ಟಿರುವ ಪಯಣ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬರಬಹುದು.

ಮಾರುಕಟ್ಟೆಯ ಪುರಾವೆಗೆ ನಾನು ಮಾರಾಟದ ಜಾಹೀರಾತುಗಳ ಪ್ರತಿಗಳನ್ನು ಒಯ್ದಿದ್ದೆ. "ಇದು ಕೇಳೋ ರೇಟು, ಹೋಗೋ ರೇಟಲ್ಲ" ಎಂದು ಅವನ್ನು ಬದಿಗಿಟ್ಟರು. ಸ್ನೇಹಿತರ ಮೂಲಕ ದೊರೆತ, ಇದೇ ಮಾದರಿಯ ಕಾರೊಂದು ಹಿಂದಿನ ವರ್ಷ ಕೈಬದಲಾದ ಬ್ಯಾಂಕ್ ದಾಖಲೆ ಮತ್ತು ವರ್ಗಾವಣೆಯಾದ ಆರ್‌ಸಿಯ ಪ್ರತಿ ಮಾತ್ರ ಅವರಿಗೆ ಲೆಕ್ಕಕ್ಕೆ ಬಂತು. ಕೊನೆಗೆ ವರದಿಯಲ್ಲಿ ಬರೆದದ್ದು 4,50,000. ಖರ್ಚಿನ ಮುಕ್ಕಾಲು ಭಾಗಕ್ಕಿಂತಲೂ ಕಡಿಮೆ, ಮೊದಲು ಮನಸ್ಸಿಗೆ ಚುರುಕ್ ಎಂದಿತು. ಆದರೆ ಪ್ರತಿ ಕಡಿತಕ್ಕೂ ಕಾರಣ ಬರೆದಿದ್ದ ಆ ವರದಿಯನ್ನು ಮೇಲಿನ ಕಚೇರಿಯವರು ಒಂದೇ ಒಂದು ಪ್ರಶ್ನೆಯೊಂದಿಗೆ ಒಪ್ಪಿದರು. ಯಾರೋ ಗೊತ್ತಿರುವವರಿಂದ ಆರೂವರೆ ಲಕ್ಷವೆಂದು ಬರೆಸಿಕೊಂಡು ಹೋಗಿದ್ದರೆ, ಪ್ರೀಮಿಯಂ ಕಟ್ಟಿಸಿಕೊಂಡು ಕ್ಲೇಮಿನ ಹೊತ್ತಿಗೆ ತಕರಾರು ತೆಗೆಯುವ ಸಾಧ್ಯತೆಯೇ ಹೆಚ್ಚಿತ್ತೆಂದು ನನ್ನ ಅನಿಸಿಕೆ.

ಆ ಒಂದು ಪ್ರಶ್ನೆ ಬಳಕೆಯದು: ಕಾರು ಎಲ್ಲಿ ನಿಲ್ಲುತ್ತದೆ, ವರ್ಷಕ್ಕೆ ಎಷ್ಟು ಓಡುತ್ತದೆ? ಬೀಗವಿರುವ ಶೆಡ್ಡಿನ ಚಿತ್ರ, ಓಡೋಮೀಟರಿನ ಚಿತ್ರ ಮತ್ತು ಒಂದು ಘೋಷಣಾಪತ್ರ ಕೇಳಿದರು. ಏಜೆಂಟರು ಐನೂರು ಕಿಲೋಮೀಟರ್ ಎಂದು ಬರೆಯೋಣವೆಂದರು, ನಾನು ಸುಮಾರು 1,500 ಎಂದು ಬರೆದೆ. ಅರ್ಜಿಯಲ್ಲಿ ಹೇಳಿದ ಮಾತೇ ಒಪ್ಪಂದದ ತಳಹದಿ, ಪ್ರೀಮಿಯಂನಲ್ಲಿ ನಯಾಪೈಸೆ ಇಳಿಯದ ಕಡೆ ಅಂಕಿಯನ್ನು ಇಳಿಸಿ ಬರೆಯುವುದರಲ್ಲಿ ಲಾಭವೇನೂ ಇಲ್ಲ.

ಇಲ್ಲಿ ಹಲವರು ಕೇಳುವ ಪ್ರಶ್ನೆಗೆ ಬರುತ್ತೇನೆ: 50 ವರ್ಷ ದಾಟಿದೆಯಲ್ಲ, ವಿಂಟೇಜ್ ನೋಂದಣಿಯನ್ನೇ ಏಕೆ ಮಾಡಿಸಲಿಲ್ಲ? ಹಾಗೆ ನೋಂದಣಿಯಾದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ 2022ರಿಂದ ಶೇಕಡಾ 50 ರಿಯಾಯಿತಿ ಇರುವುದು ನಿಜ. 1089 ಸಿಸಿಯ ನನ್ನ ಕಾರಿಗೆ ಅದು 3,416 ಇದ್ದದ್ದು 1,708 ಆಗುತ್ತಿತ್ತು. ಆದರೆ ಹೊಸ ನೋಂದಣಿಯ ಶುಲ್ಕವೇ 20,000. ಅದಕ್ಕಿಂತ ಮುಖ್ಯವಾಗಿ, ವಿಂಟೇಜ್ ಆಗಿ ನೋಂದಣಿಯಾದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಅಮ್ಮನನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗಿಬರುವುದು ಆ ಪಟ್ಟಿಯಲ್ಲಿ ಇಲ್ಲ. ದಾರಿಯಲ್ಲಿ ಏನಾದರೂ ಆದರೆ, ನೋಂದಣಿಯ ಷರತ್ತಿಗೆ ವಿರುದ್ಧವಾದ ಬಳಕೆ ಎಂದು ವಿಮೆಯ ಕಡೆಯಿಂದಲೂ ಪ್ರಶ್ನೆ ಏಳುತ್ತದೆ. ಜೊತೆಗೆ ಎಂಜಿನ್, ಚಾಸಿ, ಮೈಯಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬ ನಿಯಮದ ಮುಂದೆ ನನ್ನ ಬದಲಾದ ಎಂಜಿನ್ ಹೇಗೆ ನಿಲ್ಲುತ್ತಿತ್ತೋ! ಕಾರನ್ನು ಪ್ರದರ್ಶನಕ್ಕೆ ಮಾತ್ರ ಇಟ್ಟುಕೊಳ್ಳುವವರಿಗೆ ಆ ದಾರಿ ಸರಿ, ನನ್ನ ಬಳಕೆಗೆ ಸಾಮಾನ್ಯ ನೋಂದಣಿಯೇ ಹಿತವೆನಿಸಿತು.

ಸಾಮಾನ್ಯ ನೋಂದಣಿಯಲ್ಲೂ ಬಳಕೆಗೆ ಮಿತಿ ಇಲ್ಲದಿಲ್ಲ. ಪಾಲಿಸಿಯ ಬಳಕೆಯ ಷರತ್ತಿನಲ್ಲಿ ಬಾಡಿಗೆ, ಸಂಘಟಿತ ರೇಸು, ವೇಗದ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವಕ್ಕೆ ರಕ್ಷಣೆ ಇಲ್ಲವೆಂದಿದೆ. ಲಲಿತಮಹಲ್ ಮುಂದೆ ಮದುವೆಯ ಫೋಟೋ ತೆಗೆಸಲು ಕಾರು ಕೇಳಿಕೊಂಡು ಬರುವವರು ಈಗ ಬಹಳ ಜನ. ಹಣ ಪಡೆದು ಕೊಟ್ಟರೆ ಅದು ಬಾಡಿಗೆಯೇ, ಆ ಹೊತ್ತಿಗೆ ವಿಮೆ ಇದ್ದೂ ಇಲ್ಲದಂತೆ. ಹಳೆಯ ಕಾರುಗಳ ರ‍್ಯಾಲಿಯ ಬಗ್ಗೆ ಶಾಖೆಯಲ್ಲಿ ಲಿಖಿತವಾಗಿ ಕೇಳಿದೆ. ಸಾಲಾಗಿ ಹೋಗಿ ನಿಲ್ಲುವ ಮೆರವಣಿಗೆಯಂಥ ಕಾರ್ಯಕ್ರಮ ಈ ಪಟ್ಟಿಗೆ ಸೇರದು, ನಿಗದಿತ ಸಮಯ ಮತ್ತು ದೂರ ಇಟ್ಟು ಅಂಕ ಕೊಡುವ ಸ್ಪರ್ಧೆಯಾದರೆ ಪಾಲಿಸಿಗೆ ಸೇರಿಸುವ ಐಎಂಟಿ 31 ಎಂಬ ಹಿಂಬರಹವನ್ನು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಮುಂಚಿತವಾಗಿ ಮಾಡಿಸಿಕೊಳ್ಳಬೇಕು ಎಂದು ಇಮೇಲಿನಲ್ಲಿ ಉತ್ತರ ಬಂತು. ಆಹ್ವಾನಪತ್ರಿಕೆಯಲ್ಲಿ ರ‍್ಯಾಲಿ ಎಂದಷ್ಟೇ ಇದ್ದರೆ ಆಯೋಜಕರಿಂದ ನಿಯಮಾವಳಿ ಕೇಳಿ ತರಿಸಿಕೊಳ್ಳಿ.

ಕಟ್ಟಿದ ಹಣದ ಲೆಕ್ಕ ಹೀಗಿದೆ. ಸ್ವಂತ ಹಾನಿಗೆ 4,50,000ದ ಶೇಕಡಾ 3.43ರಂತೆ 15,435, ಅದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿ 18,213. ಮೊದಲೇ ಕೊಂಡಿದ್ದ ಥರ್ಡ್ ಪಾರ್ಟಿ 3,416, ಜಿಎಸ್‌ಟಿ ಸೇರಿ 4,031. ನನಗೆ ಬೇರೆ ಕಡೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದ್ದುದರಿಂದ ಆ ವಿಮೆಯ ಕಂತು ಇಲ್ಲಿ ಸೇರಲಿಲ್ಲ. ಒಟ್ಟು 22,244 ರೂಪಾಯಿ, ಸರ್ವೇಯರ್ ಶುಲ್ಕ ಬೇರೆ. ದುಬಾರಿ ಎನ್ನುವವರಿಗೆ ಇನ್ನೊಂದು ದಾರಿಯೂ ಇದೆ: ಕಾರನ್ನು ಸತತವಾಗಿ ಎರಡು ತಿಂಗಳಿಗೆ ಕಡಿಮೆಯಿಲ್ಲದೆ ಗ್ಯಾರೇಜಿನಲ್ಲೇ ನಿಲ್ಲಿಸುವುದಾದರೆ, ಮುಂಚಿತವಾಗಿ ತಿಳಿಸಿ ಪ್ರೀಮಿಯಂನಲ್ಲಿ ರಿಯಾಯಿತಿ ಪಡೆಯುವ ಹಿಂಬರಹ ಹಳೆಯ ಟ್ಯಾರಿಫಿನಲ್ಲಿದೆ. ನಾನು ಅದನ್ನು ಬಳಸಿಲ್ಲ.

ಪಾಲಿಸಿ ಬಂದಾಗ ಅದರಲ್ಲಿ ಐಡಿವಿಯ ಅಂಕಿ ಮಾತ್ರ ಇತ್ತು, ಅದು ಯಾವ ಆಧಾರದಿಂದ ಬಂತೆಂಬ ಸುಳಿವಿರಲಿಲ್ಲ. ಮೌಲ್ಯಮಾಪನ ವರದಿಯ ಸಂಖ್ಯೆ ಮತ್ತು ದಿನಾಂಕವನ್ನು ಷರಾ ಅಂಕಣದಲ್ಲಿ ಸೇರಿಸಬೇಕೆಂದು ಪತ್ರ ಕೊಟ್ಟು, ನನ್ನ ಬಳಿಯ ವರದಿಯ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಸ್ವಲ್ಪ ಗೊಣಗಿದರೂ ತಿದ್ದಿದ ಪಾಲಿಸಿ ಅದೇ ವಾರ ಬಂತು. ನವೀಕರಣದ ನೋಟಿಸಿನಲ್ಲಿ ಕಂಪ್ಯೂಟರ್ ತಾನಾಗಿಯೇ ಐಡಿವಿಯನ್ನು ಇಳಿಸಿ ಕಳಿಸುತ್ತದೆಂದೂ, ಆ ಮೊತ್ತಕ್ಕೆ ಆನ್‌ಲೈನಿನಲ್ಲಿ ಹಣ ಕಟ್ಟಿಬಿಟ್ಟರೆ ಅದನ್ನೇ ಒಪ್ಪಿದಂತಾಗುತ್ತದೆಂದೂ ಅಧಿಕಾರಿ ಎಚ್ಚರಿಸಿದ್ದಾರೆ. ಆದ್ದರಿಂದ ಮುಂದಿನ ಸಲ ಅವಧಿ ಮುಗಿಯುವ ತಿಂಗಳ ಮೊದಲೇ ಓಡೋಮೀಟರಿನ ಹೊಸ ಚಿತ್ರದೊಂದಿಗೆ ಶಾಖೆಗೆ ಹೋಗಬೇಕು. ಅದೇ ವರದಿ ಎರಡನೆಯ ವರ್ಷಕ್ಕೂ ನಡೆಯುತ್ತದೆಯೇ ಅಥವಾ ಸರ್ವೇಯರ್ ಮತ್ತೆ ಬಂದು ನೋಡಬೇಕೇ ಎಂಬುದನ್ನು ಆಗ ಮೇಲಿನ ಕಚೇರಿಯೇ ತೀರ್ಮಾನಿಸುತ್ತದಂತೆ.